ಸ್ಕೂಟರಿನಿಂದ ಜಾರಿದ ಆ ಸಂಜೆ

ಆಗ ನನಗೆ ಏಳು ತಿಂಗಳು. ಆಫೀಸಿನಿಂದ ಇವರ ಸ್ಕೂಟರ್‌ನಲ್ಲಿ, ಸೀರೆ ಉಟ್ಟಿದ್ದರಿಂದ ಎರಡೂ ಕಾಲು ಒಂದೇ ಕಡೆ ಹಾಕಿ ಕೂತು ಬರ್ತಿದ್ದೆ. ನಮ್ಮ ಬೀದಿ ತಿರುವಿನಲ್ಲಿ ಬಣ್ಣ ಬಳಿಯದ ಹಂಪ್ ಇವರಿಗೆ ಕಾಣಲಿಲ್ಲ. ಗಾಡಿ ನಿಧಾನವಾಗೇ ಇತ್ತು. ಜಾರಿ, ಕೆಳಗೆ ಕೂತ ಹಾಗೆ ಬಿದ್ದೆ. ಮೊಣಕೈ ತರಚಿತು, ಅಷ್ಟೇ.

"ಏನೂ ಆಗಿಲ್ಲ ಬಿಡಮ್ಮ, ಸ್ವಲ್ಪ ಮಲಕ್ಕೋ" ಅಂದರು ಅತ್ತೆ. ನನಗೂ ಹಾಗೇ ಅನ್ನಿಸಿತ್ತು. ಆದರೂ ಡಾಕ್ಟರಿಗೆ ಫೋನ್ ಮಾಡಿದೆ. "ರಕ್ತ ಹೋಗ್ತಿಲ್ಲ ಅಂತ ಸುಮ್ನಿರಬೇಡಿ, ಈಗ್ಲೇ ಬನ್ನಿ, ತಾಯಿ ಕಾರ್ಡ್ ತನ್ನಿ" ಅಂದರು.

ಕಾರಣ ಅಲ್ಲಿ ಹೋದ ಮೇಲೆ ಗೊತ್ತಾಯಿತು. ಗರ್ಭಕೋಶ ಹಿಗ್ಗಿ ಕುಗ್ಗುವಂಥದ್ದು, ಅದರ ಗೋಡೆಗೆ ಅಂಟಿಕೊಂಡಿರುವ ಮಾಸು ಹಾಗಲ್ಲ. ಹೊಟ್ಟೆಗೆ ನೇರ ಏಟು ಬೀಳದಿದ್ದರೂ ಮೈ ಜೋರಾಗಿ ಕುಲುಕಿದರೆ ಮಾಸು ಗೋಡೆಯಿಂದ ಬಿಟ್ಟುಕೊಳ್ಳಬಹುದು. ಒಮ್ಮೊಮ್ಮೆ ಆ ರಕ್ತ ಒಳಗೇ ನಿಲ್ಲುತ್ತದೆ, ಸ್ಕ್ಯಾನಿಂಗ್‌ನಲ್ಲೂ ಕಾಣದೇ ಹೋಗಬಹುದು. ಅದಕ್ಕೇ ಮಗುವಿನ ಎದೆಬಡಿತ ಮತ್ತು ಹೊಟ್ಟೆಯ ಬಿಗಿತ ಬರೆಯುವ ಮಷಿನ್ನಿನ ಪಟ್ಟಿ ಕಟ್ಟಿ, ಕಡಿಮೆಯೆಂದರೂ ನಾಲ್ಕು ಗಂಟೆ ನೋಡಬೇಕಂತೆ. ನನಗೆ ಮೂರನೇ ಗಂಟೆಯಲ್ಲಿ ಹೊಟ್ಟೆ ಆಗಾಗ ಕಲ್ಲಿನ ಹಾಗೆ ಗಟ್ಟಿಯಾಗತೊಡಗಿತು. ನೋವು ಅಂತ ಹೇಳುವಷ್ಟೇನೂ ಇರಲಿಲ್ಲ. ಮನೆಯಲ್ಲಿದ್ದಿದ್ದರೆ ಗ್ಯಾಸ್ ಅಂದುಕೊಂಡು ಜೀರಿಗೆ ಕಷಾಯ ಕುಡಿದು ಮಲಗಿರುತ್ತಿದ್ದೆ. ಇಡೀ ದಿನ ಅಲ್ಲೇ ಉಳಿಸಿಕೊಂಡರು. ಬೆಳಗಿನ ಹೊತ್ತಿಗೆ ಬಿಗಿತ ತಾನಾಗಿ ಇಳಿಯಿತು.

ತಾಯಿ ಕಾರ್ಡ್ ಯಾಕೆ ಬೇಕಿತ್ತು ಅಂದರೆ, ನನ್ನ ರಕ್ತ ಓ ನೆಗೆಟಿವ್, ಇವರದು ಪಾಸಿಟಿವ್. ಬಿದ್ದಾಗ ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸ್ವಲ್ಪ ಸೇರಿದರೂ, ಅದರ ವಿರುದ್ಧ ತಾಯಿಯ ಮೈ ಪ್ರತಿಕಾಯ ಮಾಡಿಕೊಳ್ಳಬಹುದು. ಅದು ಮುಂದಿನ ಮಗುವಿಗೂ ಕಾಟ. ನೆಗೆಟಿವ್ ಇರುವವರಿಗೆ ಬಿದ್ದ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಕೊಡಬೇಕು. ಗಡಿಬಿಡಿಯಲ್ಲಿ ಇವರು ಕಾರ್ಡನ್ನೇ ಮರೆತು ಬಂದಿದ್ದರು. ಮತ್ತೆ ಮನೆಗೆ ಓಡಿದರು!

ಆಮೇಲೆ ಸ್ಕೂಟರ್ ಬಿಟ್ಟು ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಹೋಗತೊಡಗಿದೆ. ಹೊಟ್ಟೆ ಒತ್ತುತ್ತೆ ಅಂತ ಸೀಟ್ ಬೆಲ್ಟ್ ಹಾಕ್ತಿರಲಿಲ್ಲ. ಡಾಕ್ಟರ್ ಬೈದು, ಹಾಕುವ ರೀತಿ ತೋರಿಸಿದರು. ಕೆಳಗಿನ ಪಟ್ಟಿ ಹೊಟ್ಟೆಯ ಅಡಿಗೆ, ಸೊಂಟದ ಮೂಳೆ ಮೇಲೆ ಬರಬೇಕು. ಮೇಲಿನದು ಎದೆಯ ಮಧ್ಯೆ ಹಾದು ಹೊಟ್ಟೆಯ ಪಕ್ಕಕ್ಕೆ ಇಳಿಯಬೇಕು. ಕೆಳಗಿನ ಪಟ್ಟಿ ಹೊಟ್ಟೆಯ ಮೇಲೇ ಇದ್ದರೆ ಅಪಘಾತದ ಒತ್ತಡವೆಲ್ಲ ಗರ್ಭಕೋಶದ ಮೇಲೆ. ಕಾರು ಸಿಗದ ದಿನ ಬಸ್ಸು. ಹಿಂದಿನ ಸೀಟು ಎತ್ತಿ ಹಾಕುತ್ತೆ, ಅದಕ್ಕೇ ಮಧ್ಯದ ಸೀಟು ಕೇಳಿ ಕೂರ್ತಿದ್ದೆ. ಬಸ್ಸು ಪೂರ್ತಿ ನಿಂತ ಮೇಲಷ್ಟೇ ಏಳ್ತಿದ್ದೆ, ಕಂಡಕ್ಟರ್ ಎಷ್ಟು ಗೊಣಗಿದರೂ.

ಮನೆಗೆ ಕಳಿಸುವಾಗ ನರ್ಸ್ ಹೇಳಿದ್ದನ್ನು ಅತ್ತೆ ಕ್ಯಾಲೆಂಡರ್ ಹಿಂದೆ ಬರೆದಿಟ್ಟರು: ಹೊಟ್ಟೆ ಗಟ್ಟಿಯಾದರೆ, ನೋವು ಬಂದರೆ, ರಕ್ತ ಅಥವಾ ನೀರು ಹೋದರೆ, ಮಗು ಆಡುವುದು ಕಡಿಮೆಯಾದರೆ, ರಾತ್ರಿಯಾದರೂ ಹೊರಡುವುದು.