ಹುದ್ದೆಯ ಹೆಸರು ಬಿಡಿ, ಪ್ರಶ್ನೆ ಯಾವುದು ಅಂತ ನೋಡಿ

ನಮ್ಮ ಕ್ಯಾಂಪಸ್‌ನಲ್ಲಿ ಯಾರನ್ನ ಕೇಳಿದ್ರೂ ‘ಡೇಟಾ ಸೈಂಟಿಸ್ಟ್ ಆಗ್ಬೇಕು’ ಅಂತಾರೆ. ಡೇಟಾ ಅನಲಿಸ್ಟ್ ಅಂದ್ರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಮಷೀನ್ ಲರ್ನಿಂಗ್ ಎಂಜಿನಿಯರ್ ಅಂದ್ರೆ ಒಂದು ಮೆಟ್ಟಿಲು ಮೇಲೆ ಅನ್ನೋ ಲೆಕ್ಕ. ಈ ಲೆಕ್ಕವೇ ಸರಿಯಿಲ್ಲ ಅನ್ನೋದು ನನ್ನ ಅಭಿಪ್ರಾಯ. ಇವು ಮೆಟ್ಟಿಲುಗಳಲ್ಲ, ಮೂರು ಬೇರೆ ಬೇರೆ ಪ್ರಶ್ನೆಗಳು.

ನಮ್ಮ ತಿಪ್ಪಸಂದ್ರ ಕಡೆಯವರಿಗೆಲ್ಲ ಗೊತ್ತಿರುವ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯನ್ನೇ ತಗೊಳ್ಳಿ. ರೈತ ಗೂಡು ತರ್ತಾನೆ, ಅದಕ್ಕೊಂದು ಲಾಟ್ ನಂಬರ್ ಬೀಳುತ್ತೆ, ರೀಲರ್‌ಗಳು ಹರಾಜಿನಲ್ಲಿ ಕೆಜಿಗೆ ಇಷ್ಟು ಅಂತ ಬಿಡ್ ಮಾಡ್ತಾರೆ. ಅಂದ್ರೆ ಪ್ರತಿ ಲಾಟಿಗೂ ತಳಿ, ತೂಕ, ದರ ಇರುವ ಒಂದು ಸಾಲು ಡೇಟಾ.

ಮೊದಲ ಪ್ರಶ್ನೆ: ಇವತ್ತು ಸರಾಸರಿ ದರ ಎಷ್ಟು? ಇದು ಅನಲಿಸ್ಟ್ ಕೆಲಸ. ಸುಲಭ ಅನ್ಸುತ್ತೆ, ಅಲ್ವಾ? ಲೆಕ್ಕಕ್ಕೆ ಒಂದೇ ತಳಿಯ ಮೂರು ಲಾಟ್ ಅಂದ್ಕೊಳ್ಳಿ: 50 ಕೆಜಿ 600 ರೂಪಾಯಿಗೆ, 100 ಕೆಜಿ 500ಕ್ಕೆ, 10 ಕೆಜಿ 700ಕ್ಕೆ. ಮೂರು ದರ ಕೂಡಿಸಿ ಮೂರರಿಂದ ಭಾಗಿಸಿದ್ರೆ 600 ಬರುತ್ತೆ. ಆದ್ರೆ ಒಟ್ಟು 87,000 ರೂಪಾಯಿಯನ್ನ 160 ಕೆಜಿಯಿಂದ ಭಾಗಿಸಿದ್ರೆ 543.75. ಮಾರುಕಟ್ಟೆಯಲ್ಲಿ ಕೆಜಿಗೆ ನಿಜವಾಗಿ ಸಿಕ್ಕಿದ್ದು ಈ ಎರಡನೆಯದು. ಜೊತೆಗೆ ದ್ವಿತಳಿ ಮತ್ತು ಮಿಶ್ರತಳಿ ಗೂಡಿನ ದರವೇ ಬೇರೆ, ಎರಡನ್ನೂ ಕಲೆಸಬಾರದು.

```sql
SELECT sale_date, breed,
       SUM(kg * rate) * 1.0 / SUM(kg) AS avg_rate
FROM lots
GROUP BY sale_date, breed;
```

ಕೋಡ್ ನಾಲ್ಕೇ ಸಾಲು. ಕಷ್ಟ ಇರೋದು ಯಾವ ಸರಾಸರಿ ಬೇಕು ಅಂತ ನಿರ್ಧರಿಸೋದ್ರಲ್ಲಿ. ರೈತ ದರ ಒಪ್ಪದೆ ಮತ್ತೆ ಹರಾಜಿಗೆ ಹೋದ್ರೆ ಅದೇ ಲಾಟ್ ಎರಡು ಸಲ ದಾಖಲಾಗಿದೆಯಾ ಅಂತಲೂ ನೋಡ್ಬೇಕು.

ಎರಡನೇ ಪ್ರಶ್ನೆ: ನಾಳೆ ದರ ಎಷ್ಟಿರಬಹುದು? ಇದು ಡೇಟಾ ಸೈಂಟಿಸ್ಟ್ ಕೆಲಸ. ಇಲ್ಲಿ ನಮ್ಮಲ್ಲಿ ಬಹಳ ಜನ ಲೈಬ್ರರಿ ಕರೆದು ಮಾಡೆಲ್ ಫಿಟ್ ಮಾಡಿ, ಮುಗೀತು ಅಂತಾರೆ. ಮೊದಲು ‘ನಾಳೆಯ ದರ ಇವತ್ತಿನ ದರದಷ್ಟೇ’ ಅನ್ನೋ ದಡ್ಡ ಊಹೆಯನ್ನ ಅಳೆಯಿರಿ. ಅದು ಸರಾಸರಿ 22 ರೂಪಾಯಿ ತಪ್ಪಿ, ನಿಮ್ಮ ಮಾಡೆಲ್ 24 ರೂಪಾಯಿ ತಪ್ಪಿದ್ರೆ ಮಾಡೆಲ್‌ನಿಂದ ಉಪಯೋಗ ಇಲ್ಲ. ಡೇಟಾವನ್ನ ಕಲೆಸಿ ಟ್ರೈನ್, ಟೆಸ್ಟ್ ಅಂತ ಹಂಚಿದ್ರೆ ಮಾಡೆಲ್ ಮುಂದಿನ ವಾರದ ದರ ನೋಡಿ ಹಿಂದಿನ ವಾರದ್ದನ್ನ ಹೇಳುತ್ತೆ. ಅಂಕ ಚೆನ್ನಾಗಿ ಕಾಣುತ್ತೆ, ಮಾರುಕಟ್ಟೆಯಲ್ಲಿ ಕೈಕೊಡುತ್ತೆ. ಹಳೆಯ ದಿನಗಳಿಂದ ಕಲಿಸಿ ಹೊಸ ದಿನಗಳ ಮೇಲೆ ಪರೀಕ್ಷಿಸಬೇಕು.

ಇನ್ನೊಂದು ವಿಷಯ. ಹಸಿ ಗೂಡನ್ನ ಬಹಳ ದಿನ ಇಟ್ಕೊಳ್ಳೋಕಾಗಲ್ಲ, ಚಿಟ್ಟೆ ಹೊರಬಂದ್ರೆ ಗೂಡು ಹಾಳು. ಹಾಗಾಗಿ ಗೂಡು ಬಿಡಿಸಿದ ರೈತನಿಗೆ ಮುಂದಿನ ತಿಂಗಳ ದರ ಹೇಳಿ ಪ್ರಯೋಜನ ಇಲ್ಲ. ಹುಳು ಸಾಕೋಕೆ ಶುರು ಮಾಡೋ ರೈತನಿಗೆ ಅದೇ ಬೇಕು. ಎಷ್ಟು ದಿನ ಮುಂದಿನದನ್ನ ಊಹಿಸಬೇಕು ಅನ್ನೋದು ಇಲ್ಲಿಂದ ಬರುತ್ತೆ, ಲೈಬ್ರರಿಯಿಂದ ಅಲ್ಲ.

ಮೂರನೇ ಪ್ರಶ್ನೆ: ಈ ಊಹೆ ದಿನಾ ಬೆಳಗ್ಗೆ ಹರಾಜಿಗೆ ಮೊದಲೇ ರೈತನ ಫೋನಿಗೆ ತಲುಪುತ್ತಾ? ಇದು ಮಷೀನ್ ಲರ್ನಿಂಗ್ ಎಂಜಿನಿಯರ್ ಕೆಲಸ, ಬಹುಪಾಲು ಸಾಫ್ಟ್‌ವೇರ್ ಕೆಲಸವೇ. ಮಾರುಕಟ್ಟೆಗೆ ರಜೆ ಇದ್ದು ಫೈಲ್ ಬರದಿದ್ರೆ? ದರದ ಕಾಲಮ್‌ನಲ್ಲಿ `520` ಬದಲು `Rs.520/-` ಅಂತ ಬಂದ್ರೆ? ಪ್ರೋಗ್ರಾಂ ನಿಂತುಹೋದ್ರೆ ಗೊತ್ತಾದ್ರೂ ಆಗುತ್ತೆ. ಖಾಲಿ ಜಾಗಕ್ಕೆ ಸೊನ್ನೆ ತುಂಬ್ಕೊಂಡು ಸುಮ್ನೆ ತಪ್ಪು ದರ ಕಳಿಸಿದ್ರೆ ವಾರಗಟ್ಟಲೆ ಯಾರಿಗೂ ಗೊತ್ತಾಗಲ್ಲ. ಅದಕ್ಕೇ ಡೇಟಾ ಚೆಕ್, ಟೆಸ್ಟ್, ಲಾಗ್, ಹಳೆಯ ಆವೃತ್ತಿಗೆ ವಾಪಸ್ ಹೋಗೋ ದಾರಿ ಬೇಕು.

ಈಗ ಸೆಕೆಂಡ್ ಇಯರ್‌ನ ನಮ್ಮ ಕೈಲಿ ಏನಿದೆ ನೋಡೋಣ. ಜಾಯಿನ್ ಹಾಕಿ ಬಂದ ಉತ್ತರ ಸರಿಯಾ ಅಂತ ಕೈಲೆಕ್ಕದಲ್ಲಿ ತಾಳೆ ನೋಡಬಲ್ಲಿರಾದ್ರೆ ಅನಲಿಸ್ಟ್ ಇಂಟರ್ನ್‌ಶಿಪ್‌ಗೆ ಈಗಲೇ ಅರ್ಜಿ ಹಾಕಿ. ಪ್ರಾಬಬಿಲಿಟಿ ಇಷ್ಟವಾಗಿ, ಮಾಡೆಲ್ ಎಲ್ಲಿ ತಪ್ಪಿತು ಅಂತ ಹುಡುಕೋ ತಾಳ್ಮೆ ಇದ್ರೆ ಎರಡನೆಯದು ನಿಮ್ಮ ದಾರಿ, ಆದ್ರೆ ಅದಕ್ಕೆ ಇನ್ನೂ ಒಂದೆರಡು ವರ್ಷದ ಗಣಿತ ಬೇಕು. ಗಿಟ್, ಲಿನಕ್ಸ್‌ನಲ್ಲಿ ಕೈ ಆಡ್ತಿದ್ದು, ನಿಮ್ಮ ಪ್ರೋಗ್ರಾಂ ಬೇರೆಯವರ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ ಅಂದ್ರೆ ಮೂರನೆಯದಕ್ಕೆ ನೀವು ಹತ್ತಿರ. ಅದಕ್ಕೆ ಮೊದಲು ಡೇಟಾ ಸೈಂಟಿಸ್ಟ್ ಆಗಲೇಬೇಕು ಅಂತೇನಿಲ್ಲ.

ಕಂಪನಿಗಳೂ ಈ ಹೆಸರುಗಳನ್ನ ಒಂದೇ ರೀತಿ ಬಳಸಲ್ಲ. ‘ಡೇಟಾ ಸೈಂಟಿಸ್ಟ್’ ಅಂತ ಕರೆದು ದಿನವಿಡೀ ಡ್ಯಾಶ್‌ಬೋರ್ಡ್ ಮಾಡಿಸೋದೂ ಉಂಟು. ಪ್ಲೇಸ್‌ಮೆಂಟ್ ನೋಟೀಸ್ ಬಂದಾಗ ಹುದ್ದೆಯ ಹೆಸರಿಗೆ ಕೈ ಅಡ್ಡ ಇಟ್ಟು ಕೆಳಗಿನ ಕೆಲಸದ ಪಟ್ಟಿ ಮಾತ್ರ ಓದಿ. ಏನಾಯ್ತು ಅಂತ ಕೇಳ್ತಿದ್ದಾರಾ, ಏನಾಗಬಹುದು ಅಂತಾನಾ, ಅಥವಾ ದಿನಾ ಓಡಿಸೋದು ಹೇಗೆ ಅಂತಾನಾ? ಅರ್ಜಿ ಹಾಕೋದು ಆಮೇಲೆ.