ಆರು ಹಾಡಿಗೆ ಒಂದು ಹೆಸರು

ಪುಣೆಯ ನಮ್ಮ ಕನ್ನಡ ಬಳಗದ ನಾಲ್ವರು ಗೆಳೆಯರು ಈ ವರ್ಷ ಆರು ಹಾಡು ಬರೆದು, ರಾಗ ಹಾಕಿ, ರೆಕಾರ್ಡ್ ಮಾಡಿಸಿದರು. ಹಾಡು ಮುಗಿದರೂ ಆಲ್ಬಮ್‌ಗೆ ಹೆಸರು ಸಿಗಲಿಲ್ಲ. ಕಂಪ್ಯೂಟರ್ ಕೆಲಸದವನೆಂದು ಮುಖಪುಟದ ಹೊಣೆ ನನಗೆ ಬಂತು. ಹೆಸರಿಲ್ಲದೆ ಮುಖಪುಟ ಆಗುವುದಿಲ್ಲವಲ್ಲ, ಹಾಗಾಗಿ ಆ ಚರ್ಚೆಯಲ್ಲೂ ಕೂತೆ.

ಒಂದು ಹಾಡಿನ ಹೆಸರನ್ನೇ ಇಡೀ ಆಲ್ಬಮ್‌ಗೆ ಇಡುವುದು ಹಳೆಯ ದಾರಿ. 1978ರಲ್ಲಿ ಬಂದ, ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದು ಹೆಸರಾದ 'ನಿತ್ಯೋತ್ಸವ'ಕ್ಕೂ ನಿಸಾರ್ ಅಹಮದ್ ಅವರ ಕವಿತೆಯ ಹೆಸರೇ. ಅಲ್ಲಿ ಎಲ್ಲವೂ ಒಬ್ಬರೇ ಕವಿಯ ರಚನೆ, ಹೆಸರು ಎಲ್ಲಕ್ಕೂ ಒಪ್ಪುತ್ತದೆ. ನಮ್ಮಲ್ಲಿ ಬರೆದವರು ಮೂವರು. ಒಬ್ಬರ ಹಾಡಿನ ಹೆಸರಿಟ್ಟರೆ ಉಳಿದಿಬ್ಬರ ಹಾಡು ಬಾಲದಂತೆ ಕಾಣುತ್ತದೆ. 'ಊರ ನೆನಪು' ಎಂದು ಒಬ್ಬರು ಸೂಚಿಸಿದರು. ಅದು ಯಾರ ಆಲ್ಬಮ್‌ಗೂ ಆಗುವ ಹೆಸರು. ಹುಡುಕಿದರೆ ನಮ್ಮದು ಸಿಗುವುದೇ ಕಷ್ಟ.

ಕೊನೆಗೆ ಒಂದು ಹಾಳೆಯಲ್ಲಿ ಪ್ರತಿ ಹಾಡಿನಲ್ಲಿ ಕಣ್ಣಿಗೆ ಕಾಣುವ ವಸ್ತುಗಳನ್ನಷ್ಟೇ ಬರೆದೆವು. ನೆನಪು, ನೋವು, ಪ್ರೀತಿ ಎಂಬ ಪದಗಳಿಗೆ ಅಲ್ಲಿ ಜಾಗವಿಲ್ಲ. ರಾತ್ರಿ ಬಸ್ಸಿನ ಹಾಡಿನಲ್ಲಿ ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟು. ಬಾಡಿಗೆ ರೂಮಿನ ಹಾಡಿನಲ್ಲಿ ಖಾಲಿ ಡಬ್ಬಿ. ಆಫೀಸಿನ ಹಾಡಿನಲ್ಲಿ ಹಂಚಿ ತಿನ್ನುವ ಊಟ. ಮಗಳ ಹಾಡಿನಲ್ಲಿ ಶಾಲೆಯ ಟಿಫಿನ್. ಹಬ್ಬದ ಹಾಡಿನಲ್ಲಿ ಊರಿಂದ ಬಂದ ಹೋಳಿಗೆ. ಐದರಲ್ಲೂ ಒಂದೇ ವಸ್ತು ರೂಪ ಬದಲಿಸುತ್ತಾ ಬರುತ್ತಿತ್ತು. 'ಬುತ್ತಿ' ಎಂದರು ಹಾಡುವ ಅಕ್ಕ. ಯಾರೂ ಎದುರು ಮಾತಾಡಲಿಲ್ಲ.

ಆದರೆ ಆರನೆಯದು ಹೊಳೆಯ ಹಾಡು. ಅದರಲ್ಲಿ ಬುತ್ತಿಯ ಸುಳಿವೂ ಇಲ್ಲ. ತಬಲಾ ನುಡಿಸುವವರು ತೀರಿಹೋದ ತಂದೆಗಾಗಿ ಬರೆದದ್ದು ಅದು. ಹೆಸರನ್ನೇ ಸಡಿಲಿಸಿ 'ಬುತ್ತಿ ಮತ್ತು ಹೊಳೆ' ಮಾಡೋಣವೇ ಎಂದು ಯಾರೋ ಕೇಳಿದರು. "ಬೇಡ್ರಿ, 'ಮತ್ತು' ಅಂದ್ರ ಹೊಲಿಗಿ ಕಾಣ್ತದ. ಅಪ್ಪನ ಹಾಡು ಒಂದ ಬಿಡೋಣ" ಎಂದರು ತಬಲಾದವರೇ. ಆ ಹಾಡು ಅವರ ತಂದೆಯ ತಿಥಿಯ ದಿನ ಪ್ರತ್ಯೇಕವಾಗಿ ಬರಲಿದೆ. ಎಲ್ಲವನ್ನೂ ಕಟ್ಟುವ ಹೆಸರು ಯಾವುದು ಹೊರಗಿನದು ಎಂಬುದನ್ನೂ ತೋರಿಸಿಬಿಡುತ್ತದೆ.

ಇನ್ನು ಮುಖಪುಟ. ನಾವು ಮಾಡಿದ ಚೌಕ ಚಿತ್ರ ಉದ್ದಗಲ 3000 ಪಿಕ್ಸೆಲ್. ಆದರೆ ಮೊಬೈಲಿನ ಹಾಡಿನ ಪಟ್ಟಿಯಲ್ಲಿ ಅದು ಹೆಬ್ಬೆರಳಿನ ಉಗುರಿನಷ್ಟು. ಆ ಗಾತ್ರದಲ್ಲಿ ದ, ಥ, ಧ ಮೂರೂ ಒಂದೇ ಆಗುತ್ತವೆ. ಒಳಗಿನ ಚುಕ್ಕಿ, ಕೆಳಗಿನ ಸೀಳು ಕರಗಿಹೋಗುತ್ತವೆ. ಉದ್ದ ಹೆಸರಾದರೆ ಅಕ್ಷರ ಇನ್ನೂ ಸಣ್ಣದು. 'ಬುತ್ತಿ'ಗೆ ಎರಡೇ ಅಕ್ಷರ, ದಪ್ಪವಾಗಿ ಬರೆಯಬಹುದು. ಚಿತ್ರವನ್ನು 60 ಪಿಕ್ಸೆಲ್‌ಗೆ ಇಳಿಸಿ, ಹೆಸರು ಗೊತ್ತಿಲ್ಲದ ಪಕ್ಕದ ಮನೆಯ ಕನ್ನಡ ಅಜ್ಜಿಗೆ ತೋರಿಸಿದೆ. ಕನ್ನಡಕವಿಲ್ಲದೆ ಓದಿದರು.

ಒತ್ತಕ್ಷರದ ತೊಂದರೆ ಬೇರೆ. ಚಿತ್ರ ಮಾಡಿದ ಹುಡುಗ ಮರಾಠಿಯವನು, ಕನ್ನಡ ಓದಲು ಬಾರದು. ಅವನ ಫೋಟೋಶಾಪ್‌ನಲ್ಲಿ ಹೆಸರು 'ಬುತ್‌ತಿ' ಎಂದು ಒಡೆದು ಬಂದಿತ್ತು, ಅವನಿಗೆ ಅದು ಸರಿಯಾಗಿಯೇ ಕಂಡಿತ್ತು. ಟೈಪ್ ಸೆಟ್ಟಿಂಗ್‌ನಲ್ಲಿ World-Ready Layout ಆರಿಸಿದ ಮೇಲೆ ತ-ಒತ್ತು ಕೆಳಗೆ ಕೂತಿತು. ಹಾಗೆ ಕೂತ ಒತ್ತು ಗೆರೆಯಿಂದ ಕೆಳಗೆ ಇಳಿಯುತ್ತದಾದ್ದರಿಂದ ಹೆಸರನ್ನು ಚಿತ್ರದ ಕೆಳ ಅಂಚಿಗೆ ಒತ್ತಿ ಇಡುವಂತಿಲ್ಲ. ಮೇಲಿನ ಮೂರನೇ ಒಂದು ಭಾಗದಲ್ಲಿಟ್ಟು, ಕೆಳಗೆ ಗಂಟು ಕಟ್ಟಿದ ಬಟ್ಟೆಯ ಚಿತ್ರ ಹಾಕಿದೆವು. ಕನ್ನಡ ಬಾರದವರಿಗೂ ಆ ಗಂಟು ಅರ್ಥ ಹೇಳುತ್ತದೆ.

ಕೊನೆಯದು ಇಂಗ್ಲಿಷ್ ಕಾಗುಣಿತ. ನಮ್ಮ ಮಕ್ಕಳೂ ಹುಡುಕುವುದು ಅದರಲ್ಲೇ. ಮಳೆ ಎಂದು ಬರೆದರೆ Male, ಹೊಳೆ ಎಂದರೆ Hole ಆಗುವ ಲಿಪಿ ಅದು. Butti ಎಂದರೆ ಬುಟ್ಟಿ ಎಂದೂ ಓದಬಹುದು. ಪುಣೆಯಲ್ಲಂತೂ 'ಬುಟ್ಟಿ ಮಾರಣೆ' ಎಂದರೆ ಕ್ಲಾಸಿಗೆ ಚಕ್ಕರ್ ಹೊಡೆಯುವುದು! ಹಾಗಾಗಿ Butthi ಎಂದು ಒಂದೇ ರೀತಿ ಎಲ್ಲ ಕಡೆ ಬರೆಯಲು ಒಪ್ಪಿಕೊಂಡೆವು. ಮುಖಪುಟದ ಮೇಲೆ ಮಾತ್ರ ಕನ್ನಡವೇ ಇರಲಿ ಎಂದು ಅಕ್ಕ ಹಟ ಹಿಡಿದರು, ಹಾಗೇ ಉಳಿಯಿತು.