ಜ್ವರದ ರಾತ್ರಿ ಶುಗರ್ ಎಷ್ಟು ಸಲ ನೋಡಬೇಕು?

ಒಂದು ಶುಕ್ರವಾರ ಬೆಳಿಗ್ಗೆ ಹದಿನೈದು ವರ್ಷದ ಹುಡುಗಿಯೊಬ್ಬಳನ್ನು ಮನೆಯವರು ನನ್ನ ಕ್ಲಿನಿಕ್ಕಿಗೆ ಕರೆತಂದರು. ಹಿಂದಿನ ದಿನ ಮಧ್ಯಾಹ್ನದಿಂದ ವಾಂತಿ, ನಾಲ್ಕೈದು ಸಲ ಭೇದಿ. ಅವಳಿಗೆ ಆರು ವರ್ಷದಿಂದ ಟೈಪ್ 1 ಸಕ್ಕರೆ ಕಾಯಿಲೆ, ಅಂದರೆ ಇನ್ಸುಲಿನ್ ಇಲ್ಲದೆ ಬದುಕಲಾಗದ ಬಗೆ. "ಹಕೀಮ್ ಸಾಹೇಬ್ರೇ, ಹೊಟ್ಟೆಗೆ ಏನಾದರೂ ಕೊಡಿ, ಸರಿಹೋಗುತ್ತೆ" ಎಂದರು ಅವಳ ಅಮ್ಮಿ. ಶುಗರ್ ನೋಡಿದಿರಾ ಎಂದು ಕೇಳಿದೆ. "ನಿನ್ನೆ ರಾತ್ರಿ ಎಂಟಕ್ಕೆ ನೋಡಿದ್ವಿ, 148 ಇತ್ತು. ಏನೂ ತಿಂದಿರಲಿಲ್ಲ, ಅದಕ್ಕೇ ಇನ್ಸುಲಿನ್ ಹಾಕಲಿಲ್ಲ" ಎಂದರು.

ನಾನು ನೋಡಿದಾಗ ಶುಗರ್ 366 ಇತ್ತು. ಹುಡುಗಿ ಜೋರಾಗಿ, ಆಳವಾಗಿ ಉಸಿರಾಡುತ್ತಿದ್ದಳು. ಮೂತ್ರದಲ್ಲಿ ಅದ್ದಿದ ಕೀಟೋನ್ ಸ್ಟ್ರಿಪ್ ಕಡು ನೇರಳೆ ಬಣ್ಣಕ್ಕೆ ತಿರುಗಿತು. ನಾನು ಯಾವ ಔಷಧಿಯನ್ನೂ ಕೊಡದೆ ಅವರನ್ನು ಅದೇ ಆಟೋದಲ್ಲಿ ಆಸ್ಪತ್ರೆಗೆ ಕಳಿಸಿದೆ. ಮೂರು ದಿನ ಐಸಿಯುನಲ್ಲಿದ್ದು, ಅಲ್ಲಾಹನ ಕೃಪೆಯಿಂದ ಉಳಿದಳು.

ಆ ಮನೆಯವರದು ನಿರ್ಲಕ್ಷ್ಯವಲ್ಲ. ರಾತ್ರಿ ಎಂಟರ 148 ಆ ಹೊತ್ತಿಗೆ ನಿಜವೇ ಆಗಿತ್ತು. ತಪ್ಪಾದದ್ದು ಎಂಟರಿಂದ ಎಂಟರವರೆಗಿನ ಹನ್ನೆರಡು ಗಂಟೆ ಯಾರೂ ನೋಡದೇ ಇದ್ದದ್ದು, ಮತ್ತು 'ತಿಂದಿಲ್ಲ, ಆದ್ದರಿಂದ ಇನ್ಸುಲಿನ್ ಬೇಡ' ಎಂಬ ಲೆಕ್ಕ. ಈ ಲೆಕ್ಕವನ್ನು ನಮ್ಮ ಮನೆಗಳಲ್ಲಿ ನಾನು ಮತ್ತೆ ಮತ್ತೆ ಕೇಳುತ್ತೇನೆ. ಆರೋಗ್ಯವಾಗಿರುವ ದಿನ ನೋಡಿದಷ್ಟೇ ಸಲ ಕಾಯಿಲೆಯ ದಿನವೂ ನೋಡಿದರೆ ಸಾಲದು. ಇನ್ಸುಲಿನ್ ಬರೆದುಕೊಡುವ ಪ್ರತಿಯೊಬ್ಬ ವೈದ್ಯರೂ ಜ್ವರ, ವಾಂತಿ, ಭೇದಿಯ ದಿನ ಎಷ್ಟು ಗಂಟೆಗೊಮ್ಮೆ ನೋಡಬೇಕೆಂದು ಅದೇ ಚೀಟಿಯಲ್ಲಿ ಬರೆದುಕೊಡಬೇಕು, ಜೊತೆಗೆ ಕೀಟೋನ್ ಸ್ಟ್ರಿಪ್‌ನ ಡಬ್ಬಿಯನ್ನೂ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ. ಅವರು ಬರೆಯದಿದ್ದರೆ ನೀವು ಕೇಳಿ ಬರೆಸಿಕೊಳ್ಳಿ.

ತಿನ್ನದೆ ಇದ್ದರೂ ಶುಗರ್ ಏರುವುದು ಹೇಗೆ? ಜ್ವರ ಅಥವಾ ಸೋಂಕು ಬಂದಾಗ ಅದನ್ನು ಎದುರಿಸಲು ದೇಹ ಕೆಲವು ಹಾರ್ಮೋನುಗಳನ್ನು ಬಿಡುತ್ತದೆ. ಅವು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತವೆ, ಇನ್ಸುಲಿನ್‌ನ ಕೆಲಸಕ್ಕೂ ಅಡ್ಡಬರುತ್ತವೆ. ಹಾಗಾಗಿ ತುತ್ತು ಅನ್ನ ಇಳಿಯದ ದಿನವೂ ಇನ್ಸುಲಿನ್ ಬೇಕು, ಎಷ್ಟೋ ಸಲ ಎಂದಿಗಿಂತ ಹೆಚ್ಚೇ ಬೇಕು. ಅದು ಸಿಗದಿದ್ದರೆ ಸಕ್ಕರೆ ರಕ್ತದಲ್ಲೇ ಉಳಿದು, ದೇಹ ತನ್ನ ಕೊಬ್ಬನ್ನು ಉರಿಸತೊಡಗುತ್ತದೆ. ಆಗ ಹುಟ್ಟುವ ಆಮ್ಲವೇ ಕೀಟೋನ್. ಕೀಟೋನ್ ಏರಿದರೆ ಅದರಿಂದಲೇ ವಾಂತಿ, ಹೊಟ್ಟೆನೋವು ಶುರುವಾಗುತ್ತದೆ. ಮನೆಯವರು ಅದನ್ನು 'ಹೊಟ್ಟೆ ಕೆಟ್ಟಿದೆ' ಎಂದುಕೊಂಡು ಜೀರಿಗೆ ಕಷಾಯ ಕೊಡುತ್ತಾ ಕೂರುತ್ತಾರೆ. ಟೈಪ್ 1 ಇರುವವರಲ್ಲಿ ವಾಂತಿ ಕಂಡರೆ, ಕೀಟೋನ್ ನೋಡುವ ತನಕ ಅದನ್ನು ಬರೀ ಹೊಟ್ಟೆಯ ತೊಂದರೆ ಎನ್ನಬೇಡಿ.

ಹಾಗಾದರೆ ಎಷ್ಟು ಸಲ? ಟೈಪ್ 1 ಇರುವವರಿಗೆ ಜ್ವರ, ವಾಂತಿ ಅಥವಾ ಭೇದಿ ಶುರುವಾದ ಹೊತ್ತಿನಿಂದ ಕನಿಷ್ಠ ನಾಲ್ಕು ಗಂಟೆಗೊಮ್ಮೆ ಶುಗರ್ ಮತ್ತು ಕೀಟೋನ್ ಎರಡನ್ನೂ ನೋಡಬೇಕು. ರಾತ್ರಿಗೆ ವಿನಾಯಿತಿ ಇಲ್ಲ, ಅಲಾರಂ ಇಟ್ಟು ಎದ್ದು ನೋಡಬೇಕು. ಮೂತ್ರದ ಸ್ಟ್ರಿಪ್ ಒಂದು ಪ್ಲಸ್ ಅಥವಾ ಹೆಚ್ಚು ತೋರಿಸಿದರೆ, ಅಥವಾ ರಕ್ತದ ಕೀಟೋನ್ ಮೀಟರ್ 1.5ಕ್ಕೆ ಮುಟ್ಟಿದರೆ, ಅಲ್ಲಿಂದ ಎರಡು ಗಂಟೆಗೊಮ್ಮೆ. ಚಿಕ್ಕ ಮಕ್ಕಳಲ್ಲಿ ಎಲ್ಲವೂ ಬೇಗ ಬದಲಾಗುವುದರಿಂದ ಮೊದಲಿನಿಂದಲೇ ಎರಡು ಗಂಟೆಗೊಮ್ಮೆ ನೋಡುವುದು ಒಳ್ಳೆಯದು.

ಎರಡು ಅಂಕಿಗಳನ್ನೂ ಒಟ್ಟಿಗೆ ಓದಬೇಕು, ಒಂದೇ ಅಂಕಿ ದಾರಿ ತಪ್ಪಿಸುತ್ತದೆ. ಶುಗರ್ 250 ದಾಟಿ ಕೀಟೋನ್ ಕೂಡ ಇದ್ದರೆ ಇನ್ಸುಲಿನ್ ಸಾಲುತ್ತಿಲ್ಲ ಎಂದರ್ಥ. ಶುಗರ್ 80, 90ರ ಆಸುಪಾಸಿನಲ್ಲಿದ್ದು ಕೀಟೋನ್ ಸ್ವಲ್ಪ ಕಂಡರೆ ಅದು ಹೆಚ್ಚಾಗಿ ಹಸಿವಿನ ಕೀಟೋನ್. ಅಲ್ಲಿ ಮೊದಲು ಬೇಕಾದದ್ದು ಸಕ್ಕರೆ ಇರುವ ಪಾನೀಯ, ಹೆಚ್ಚಿನ ಇನ್ಸುಲಿನ್ ಅಲ್ಲ. ಕೀಟೋನ್ ಕಂಡ ಗಾಬರಿಗೆ ಅಂಥವರಿಗೆ ಇನ್ಸುಲಿನ್ ಹೆಚ್ಚಿಸಿದರೆ ಶುಗರ್ ಕುಸಿದು ಪ್ರಜ್ಞೆ ತಪ್ಪಬಹುದು.

ಅದೇ ಹುಡುಗಿಗೆ ಹತ್ತು ತಿಂಗಳ ಮೇಲೆ ಮತ್ತೆ ಜ್ವರ, ಭೇದಿ ಬಂತು. ಈ ಸಲ ಆಸ್ಪತ್ರೆಯ ವೈದ್ಯರು ಬರೆದುಕೊಟ್ಟ ಚೀಟಿ ಮನೆಯಲ್ಲಿತ್ತು. ಅವಳಿಗೆ ದಿನಕ್ಕೆ ಒಟ್ಟು 36 ಯೂನಿಟ್ ಇನ್ಸುಲಿನ್. ಕೀಟೋನ್ ಕಂಡರೆ ಅದರ ಹತ್ತನೇ ಒಂದು ಭಾಗ, ಅಂದರೆ ಸುಮಾರು 4 ಯೂನಿಟ್, ಬೇಗ ಕೆಲಸ ಮಾಡುವ ಇನ್ಸುಲಿನ್ನನ್ನು ಎರಡು ಗಂಟೆಗೊಮ್ಮೆ ಹೆಚ್ಚಿಗೆ ಕೊಡಬೇಕೆಂದು ಅದರಲ್ಲಿತ್ತು. ಈ ಅಳತೆ ಅವಳದು. ನಿಮ್ಮ ಮನೆಯ ಅಳತೆಯನ್ನು ನಿಮ್ಮ ವೈದ್ಯರೇ ಬರೆದುಕೊಡಬೇಕು.

ಸಂಜೆ ಆರಕ್ಕೆ ಶುಗರ್ 236, ಕೀಟೋನ್ ಗುರುತಿನಷ್ಟೇ. ಎಂದಿನ ಇನ್ಸುಲಿನ್ ಕೊಟ್ಟು, ಗಂಟೆಗೊಂದು ಸಣ್ಣ ಲೋಟ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ರಾತ್ರಿ ಹತ್ತಕ್ಕೆ 284, ಕೀಟೋನ್ ಎರಡು ಪ್ಲಸ್. ಅವಳು ಊಟ ಮಾಡಿರಲಿಲ್ಲ, ಆದರೂ ರಾತ್ರಿಯ ದೀರ್ಘಾವಧಿ ಇನ್ಸುಲಿನ್ ಪೂರ್ತಿ ಕೊಟ್ಟರು, ಜೊತೆಗೆ 4 ಯೂನಿಟ್. ಅಲ್ಲಿಂದ ಎರಡು ಗಂಟೆಯ ಪಾಳಿ. ಹನ್ನೆರಡಕ್ಕೆ ಅಣ್ಣ ಎದ್ದು ನೋಡಿದ: 241, ಕೀಟೋನ್ ಹಾಗೇ ಇದೆ. ಮತ್ತೆ 4 ಯೂನಿಟ್. ಎರಡಕ್ಕೆ 178, ಕೀಟೋನ್ ಒಂದು ಪ್ಲಸ್. ಇಲ್ಲಿ ಅಬ್ಬಾ ಅವರಿಗೆ ದಿಕ್ಕು ತೋಚಲಿಲ್ಲ. ಶುಗರ್ ಇಳಿದಿದೆ, ಕೀಟೋನ್ ಹೋಗಿಲ್ಲ, ಇನ್ಸುಲಿನ್ ಕೊಡಬೇಕೋ ಬೇಡವೋ? ಚೀಟಿಯಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿದರು. ಇನ್ಸುಲಿನ್ ನಿಲ್ಲಿಸಬೇಡಿ, ಅದರ ಜೊತೆಗೆ ಸಕ್ಕರೆ ಹಾಕಿದ ನಿಂಬೆ ಪಾನಕ ಕುಡಿಸುತ್ತಾ ಇರಿ ಎಂಬ ಉತ್ತರ ಬಂತು. ಕೀಟೋನ್ ಕರಗಲು ಇನ್ಸುಲಿನ್ ಬೇಕು, ಶುಗರ್ ಕುಸಿಯದಿರಲು ಪಾನಕ ಬೇಕು. ನಾಲ್ಕಕ್ಕೆ 152, ಕೀಟೋನ್ ಮತ್ತೆ ಗುರುತಿನಷ್ಟೇ. ಫಜ್ರ್ ಹೊತ್ತಿಗೆ ಹುಡುಗಿ ನಿದ್ದೆಹೋಗಿದ್ದಳು, ಮುಂದಿನ ಪರೀಕ್ಷೆ ಎಂಟಕ್ಕೆ. ಆಸ್ಪತ್ರೆಯ ಮೆಟ್ಟಿಲು ಹತ್ತಬೇಕಾಗಲಿಲ್ಲ.

ಆ ರಾತ್ರಿಯಲ್ಲಿ ಹತ್ತು ಗಂಟೆಯ ಪರೀಕ್ಷೆ ಇರದಿದ್ದರೆ ಏನಾಗುತ್ತಿತ್ತೆಂದು ಹಿಂದಿನ ಶುಕ್ರವಾರವೇ ಹೇಳಿತ್ತು.

ಮೂತ್ರದ ಸ್ಟ್ರಿಪ್ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ನಮ್ಮ ಮನೆಗಳಲ್ಲಿ ಅದನ್ನು ದೂರ ಇಡುವುದಕ್ಕೆ ಒಂದು ಕಾರಣ ಪಾಕಿಯ ಅಂಜಿಕೆ. ಒಬ್ಬ ದಾದಿಯಂತೂ ಡಬ್ಬಿಯನ್ನೇ ಮನೆಯ ಹೊರಗೆ ಇಡಿಸಿದ್ದರು. ಒಂದು ಕಾಗದದ ಲೋಟದಲ್ಲಿ ಮೂತ್ರ ಹಿಡಿದು, ಸ್ಟ್ರಿಪ್ ಅದ್ದಿ ತೆಗೆದು, ಎರಡನ್ನೂ ಎಸೆದು ಕೈ ತೊಳೆದುಕೊಂಡರೆ ಆಯಿತು. ನಮ್ಮ ಯುನಾನಿ ಪದ್ಧತಿಯಲ್ಲಿ ನಾಡಿಯ ಜೊತೆಗೆ ಮೂತ್ರವನ್ನು ನೋಡಿ ರೋಗ ಅರಿಯುವುದು ಶತಮಾನಗಳ ರೂಢಿ. ಆದರೆ ನಬ್ಜ್ ಹಿಡಿದು ಯಾವ ಹಕೀಮರೂ ಕೀಟೋನ್ ಎಷ್ಟಿದೆ ಎಂದು ಹೇಳಲಾರರು, ನಾನೂ ಹೇಳಲಾರೆ.

ಸ್ಟ್ರಿಪ್‌ಗೂ ಮಿತಿಗಳಿವೆ. ಅದು ತೋರಿಸುವುದು ಮೂತ್ರಕೋಶದಲ್ಲಿ ಕೂಡಿಕೊಂಡ ಮೂತ್ರದ ಕಥೆ, ಅಂದರೆ ಕೆಲವು ಗಂಟೆ ಹಿಂದಿನದು. ಆದ್ದರಿಂದ ಏರುತ್ತಿರುವಾಗ ಕಡಿಮೆ ತೋರಿಸಬಹುದು, ಗುಣವಾಗುತ್ತಿರುವಾಗಲೂ ಬಣ್ಣ ಬೇಗ ಹೋಗದೇ ಇರಬಹುದು. ಡಬ್ಬಿಯ ಮೇಲೆ ಬರೆದಷ್ಟು ಸೆಕೆಂಡಿಗೆ ಸರಿಯಾಗಿ ಓದಬೇಕು, ತಡವಾಗಿ ಓದಿದರೆ ಬಣ್ಣ ಸುಳ್ಳು ಹೇಳುತ್ತದೆ. ಬಚ್ಚಲಿನ ತೇವದಲ್ಲಿಟ್ಟ ಅಥವಾ ಅವಧಿ ಮುಗಿದ ಸ್ಟ್ರಿಪ್ ಕೀಟೋನ್ ಇದ್ದರೂ ಇಲ್ಲವೆಂದು ತೋರಿಸೀತು. ಕೈಗೆ ಎಟುಕುವವರು ರಕ್ತದ ಕೀಟೋನ್ ಮೀಟರ್ ಇಟ್ಟುಕೊಳ್ಳಲಿ, ಅದು ಆ ಕ್ಷಣದ ಸ್ಥಿತಿ ಹೇಳುತ್ತದೆ. ಬೆರಳು ಚುಚ್ಚುವ ಮೊದಲು ಕೈ ತೊಳೆಯುವುದೂ ಮುಖ್ಯ. ಶರಬತ್ತು ತಾಗಿದ ಬೆರಳಿನ ರಕ್ತ 300 ತೋರಿಸಿದ್ದನ್ನು ನಾನೇ ಕಂಡಿದ್ದೇನೆ. ತೊಳೆದು ನೋಡಿದರೆ 170.

ಎರಡು ಸಲ ಹೆಚ್ಚಿನ ಇನ್ಸುಲಿನ್ ಕೊಟ್ಟರೂ ಕೀಟೋನ್ ಇಳಿಯದಿದ್ದರೆ, ಮೂರು ಪ್ಲಸ್ ಅಥವಾ ರಕ್ತದಲ್ಲಿ 3ಕ್ಕೆ ಮುಟ್ಟಿದರೆ, ಕುಡಿದ ನೀರೂ ನಿಲ್ಲದೆ ವಾಂತಿಯಾಗುತ್ತಿದ್ದರೆ, ಉಸಿರು ಆಳವಾಗಿ ಬರತೊಡಗಿದರೆ, ಮಂಪರು ಕವಿದರೆ ಮನೆಯ ಪರೀಕ್ಷೆಯ ಕೆಲಸ ಮುಗಿಯಿತು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ಪರೀಕ್ಷೆಗೆ ಬೇಕಾದಷ್ಟು ಮೂತ್ರವೇ ಬರುತ್ತಿಲ್ಲ ಎಂಬುದೂ ಹೊರಡಬೇಕಾದ ಗುರುತೇ. ಗರ್ಭಿಣಿಯರು ಕೀಟೋನ್ ಕಂಡ ಕೂಡಲೇ ವೈದ್ಯರಲ್ಲಿಗೆ ಹೋಗಲಿ.

ಓದುಗರಲ್ಲಿ ಹೆಚ್ಚಿನವರ ಮನೆಯಲ್ಲಿರುವುದು ನಡುವಯಸ್ಸಿನ ಮೇಲೆ ಬರುವ ಟೈಪ್ 2. ಅವರಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರು ಕಾಯಿಲೆಯ ದಿನ ನಾಲ್ಕು ಗಂಟೆಗೊಮ್ಮೆ ಶುಗರ್ ನೋಡಬೇಕು. ಗ್ಲಿಮೆಪಿರೈಡ್‌ನಂಥ ಮಾತ್ರೆ ತಿನ್ನುವವರು ದಿನಕ್ಕೆ ನಾಲ್ಕು ಸಲವಾದರೂ ನೋಡಲಿ, ಅವರಿಗೆ ಊಟವಿಲ್ಲದ ದಿನ ಶುಗರ್ ಕುಸಿಯುವ ಭಯ ಹೆಚ್ಚು. ವಾಂತಿ ಭೇದಿ ಇರುವಾಗ ಮೆಟ್‌ಫಾರ್ಮಿನ್ ಮತ್ತು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಲು ವೈದ್ಯರು ಹೇಳುತ್ತಾರೆ. ನಿಮ್ಮ ವೈದ್ಯರನ್ನು ಈಗಲೇ ಕೇಳಿಟ್ಟುಕೊಳ್ಳಿ. 'ಗ್ಲಿಫ್ಲೋಜಿನ್' ಎಂದು ಕೊನೆಯಾಗುವ ಈ ಮಾತ್ರೆಗಳ ತೊಡಕೆಂದರೆ, ಶುಗರ್ 150 ಇರುವಾಗಲೂ ಕೀಟೋನ್ ಏರಬಹುದು. ಅವುಗಳನ್ನು ತಿನ್ನುವವರಿಗೆ ವಾಂತಿ ನಿಲ್ಲದಿದ್ದರೆ ಶುಗರ್ ಚೆನ್ನಾಗಿದೆ ಎಂದು ಸುಮ್ಮನಿರದೆ ರಕ್ತದ ಕೀಟೋನ್ ಪರೀಕ್ಷೆ ಮಾಡಿಸಬೇಕು.

ನನ್ನ ವೃತ್ತಿಬಾಂಧವರಿಗೂ ಒಂದು ಮಾತಿದೆ. ಕೆಮ್ಮು ಜ್ವರಕ್ಕೆ ನಾವು ಕೊಡುವ ಶರಬತ್, ಲಊಕ್, ಖಮೀರಾಗಳು ಸಕ್ಕರೆ ಅಥವಾ ಜೇನಿನ ಪಾಕದಲ್ಲಿ ಮಾಡಿದವು. ಸಕ್ಕರೆ ಕಾಯಿಲೆ ಇದೆಯೇ, ಇನ್ಸುಲಿನ್ ಹಾಕಿಕೊಂಡಿರಾ ಎಂದು ಕೇಳದೆ ಅವುಗಳನ್ನು ಕೊಡುವುದು ತಪ್ಪು. 'ನನ್ನ ಔಷಧಿ ನಡೆಯುವಾಗ ಇನ್ಸುಲಿನ್ ಬಿಡಿ' ಎನ್ನುವವರು ಹಕೀಮರೇ ಆಗಿರಲಿ, ಬೇರೆ ಯಾರೇ ಆಗಿರಲಿ, ಅವರ ಮಾತನ್ನು ಕೇಳಬೇಡಿ.

ಜ್ವರ ಇಳಿದ ಕೂಡಲೇ ಪಾಳಿ ಮುಗಿಸಬೇಡಿ. ಊಟ ಎಂದಿನಂತೆ ಒಳಗೆ ನಿಂತು, ಒಂದು ಹಗಲು ಒಂದು ರಾತ್ರಿ ಸ್ಟ್ರಿಪ್ ಬಣ್ಣ ತಿರುಗದೇ ಇದ್ದರೆ, ಆಗ ಮಾಮೂಲಿ ಪರೀಕ್ಷೆಗೆ ಮರಳಬಹುದು.